ಒಂದೇ ಲೆಕ್ಕ, ಎರಡು ಕಾಲಪಟ್ಟಿ

ಆಪರೇಟಿಂಗ್ ಸಿಸ್ಟಮ್ ಪಾಠದ ಶೆಡ್ಯೂಲಿಂಗ್ ಸ್ಲೈಡುಗಳನ್ನು ಹೋಲಿಕೆ ಕೋಷ್ಟಕಕ್ಕೆ ಇಳಿಸುವಾಗ ಎಲ್ಲ ವಿಧಾನಗಳಿಗೂ ಒಂದೇ ಲೆಕ್ಕ ಕೊಡಬೇಕು. ಸ್ಲೈಡಿಗೊಂದು ಲೆಕ್ಕವಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಒಟ್ಟಿಗೆ ಬಂದ ಅ, ಬ, ಕ ಕೆಲಸಗಳಿಗೆ ಕ್ರಮವಾಗಿ 6, 3, 1 ಮಿಲಿಸೆಕೆಂಡ್ ಸಿಪಿಯು ಬೇಕೆನ್ನಿ. ರೌಂಡ್ ರಾಬಿನ್‌ನಲ್ಲಿ ಒಂದು ಸರದಿಗೆ ಹೆಚ್ಚೆಂದರೆ 2 ಮಿಲಿಸೆಕೆಂಡ್.

```
ಬಂದ ಕ್ರಮ:     0 ಅ 6 ಬ 9 ಕ 10
ರೌಂಡ್ ರಾಬಿನ್: 0 ಅ 2 ಬ 4 ಕ 5 ಅ 7 ಬ 8 ಅ 10
```

ಮುಗಿದ ಸಮಯದಿಂದ ಬಳಸಿದ ಸಿಪಿಯು ಸಮಯವನ್ನು ಕಳೆದರೆ ಕಾಯುವಿಕೆ ಸಿಗುತ್ತದೆ. ಮೊದಲ ಸಾಲಿನಲ್ಲಿ ಅದು 0, 6, 9; ಸರಾಸರಿ 5. ಎರಡನೆಯದರಲ್ಲಿ 4, 5, 4; ಸರಾಸರಿ 4.33. ಇಲ್ಲೇ ಹೆಚ್ಚಿನವರು ಎಡವುವುದು: ಮೊದಲ ಸರದಿ ಸಿಕ್ಕ 0, 2, 4ನ್ನೇ ಕಾಯುವಿಕೆ ಎಂದು ಬರೆದುಬಿಡುತ್ತಾರೆ. ಅದು ಪ್ರತಿಕ್ರಿಯೆಯ ಸಮಯ. ಕೋಷ್ಟಕದಲ್ಲಿ ಅದಕ್ಕೆ ಬೇರೆಯೇ ಅಂಕಣ ಬೇಕು. ಕೆಲಸ ಬದಲಿಸಲು ಹಿಡಿಯುವ ಸಮಯವನ್ನು ಈ ಪಟ್ಟಿಗಳು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.