ಮೂರು ದೇಶದ ಮಾರಾಟ, ಒಂದೇ ಮೊತ್ತ

ಚನ್ನಪಟ್ಟಣದ ಮರದ ಗೊಂಬೆಗಳನ್ನು ಆನ್‌ಲೈನ್‌ನಲ್ಲಿ ಅಮೆರಿಕ, ಜಪಾನ್ ಮತ್ತು ದುಬೈಗೆ ಮಾರುವ ಒಂದು ಅಂಗಡಿಯನ್ನು ಊಹಿಸಿಕೊಳ್ಳಿ. ತಿಂಗಳ ಕೊನೆಗೆ ಅಲ್ಲಿ ಎರಡು ವರದಿ ಸಿದ್ಧವಾಗುತ್ತವೆ: ಒಂದು ದೇಶವಾರು, ಇನ್ನೊಂದು ದಿನವಾರು. ಎರಡಕ್ಕೂ ಆಧಾರ ಅವೇ ಬಿಲ್ಲುಗಳು, ಅವೇ ವಿನಿಮಯ ದರಗಳು. ಆದರೂ ಕೊನೆಯ ಸಾಲಿನ ಒಟ್ಟು ಮೊತ್ತದಲ್ಲಿ ಕೆಲವು ರೂಪಾಯಿ ವ್ಯತ್ಯಾಸ. ಹಣ ಎಲ್ಲೂ ಹೋಗಿಲ್ಲ, ಯಾವ ಬಿಲ್ಲೂ ತಪ್ಪಿಲ್ಲ. ಎರಡು ವರದಿಗಳು ಪೈಸೆಯನ್ನು ಎರಡು ಬೇರೆ ಜಾಗದಲ್ಲಿ ರೌಂಡ್ ಮಾಡಿವೆ, ಅಷ್ಟೆ.

ಇದು ಹೇಗಾಗುತ್ತದೆಂದು ನೋಡಲು ಒಂದೇ ಗೊಂಬೆ ಸಾಕು. ಬೆಲೆ 19.99 ಡಾಲರ್, ಆ ದಿನದ ದರ 84.3725 ರೂಪಾಯಿ ಎಂದಿಟ್ಟುಕೊಳ್ಳೋಣ. ಗುಣಿಸಿದರೆ 1686.606275 ರೂಪಾಯಿ. ಪುಸ್ತಕದಲ್ಲಿ ಬರೆಯುವುದು 1686.61. ಅದೇ ದಿನ ಅಂಥ ಮೂರು ಗೊಂಬೆ ಮಾರಾಟವಾದರೆ ಮೂರು ಸಾಲು ಕೂಡಿ 5059.83 ಆಗುತ್ತದೆ. ಇನ್ನೊಂದು ವರದಿ ಮೊದಲು ಡಾಲರ್‌ಗಳನ್ನೇ ಕೂಡಿ, 59.97 ಡಾಲರನ್ನು ಒಮ್ಮೆಗೆ ರೂಪಾಯಿಗೆ ಪರಿವರ್ತಿಸಿದರೆ ಸಿಗುವುದು 5059.82. ಒಂದು ಪೈಸೆ ಕಡಿಮೆ.

ಸಾವಿರಾರು ಬಿಲ್ಲುಗಳಲ್ಲಿ ಇಂಥ ಚೂರುಪಾರು ಒಂದಕ್ಕೊಂದು ವಜಾ ಆಗುತ್ತದೆ ಎಂದು ಹಲವರು ನಂಬಿರುತ್ತಾರೆ. ಬೆಲೆಗಳು ಬೇರೆಬೇರೆಯಾಗಿದ್ದರೆ ಬಹುಮಟ್ಟಿಗೆ ಅದು ನಿಜ. ಆದರೆ ಒಂದೇ ಬೆಲೆಯ ವಸ್ತು ಮತ್ತೆಮತ್ತೆ ಮಾರಾಟವಾದಾಗ ಪ್ರತಿ ಸಾಲೂ ಒಂದೇ ದಿಕ್ಕಿಗೆ ವಾಲುತ್ತದೆ. ಇಲ್ಲಿ ಪ್ರತಿ ಗೊಂಬೆಗೆ ಪೈಸೆಯ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಮೇಲಕ್ಕೇ ಸೇರುತ್ತದೆ. ಹಬ್ಬದ ಸೀಸನ್ನಿನಲ್ಲಿ ಒಂದೇ ದಿನ 3,000 ಗೊಂಬೆ ಹೋದರೆ ವ್ಯತ್ಯಾಸ ಹನ್ನೊಂದು ರೂಪಾಯಿ ದಾಟುತ್ತದೆ. ಮೊತ್ತ ಚಿಕ್ಕದೇ. ಆದರೆ ಕಾರಣ ಗೊತ್ತಿಲ್ಲದ ಹನ್ನೊಂದು ರೂಪಾಯಿಯ ಹಿಂದೆ ಬಿದ್ದ ಅಕೌಂಟೆಂಟ್‌ಗೆ ಇಡೀ ತಿಂಗಳ ಬಿಲ್ಲುಗಳನ್ನು ಮತ್ತೆ ತಿರುವಿ ಹಾಕದೆ ವಿಧಿಯಿಲ್ಲ. ನಿಜವಾಗಿ ಬಿಟ್ಟುಹೋದ ಒಂದು ಬಿಲ್ಲು ಇಂಥ ವ್ಯತ್ಯಾಸಗಳ ನಡುವೆ ಅಡಗಿ ಕೂರುವುದೂ ಉಂಟು.

ಎರಡರಲ್ಲಿ ಸರಿ ಯಾವುದು? ಗಣಿತದ ದೃಷ್ಟಿಯಿಂದ ಎರಡನೆಯದು ನಿಖರತೆಗೆ ಹತ್ತಿರ. ವರದಿಗೆ ಮಾತ್ರ ಮೊದಲನೆಯದೇ ಯೋಗ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರತಿ ಮಾರಾಟದ ಸಾಲಿನಲ್ಲೇ ಪೈಸೆಗೆ ರೌಂಡ್ ಮಾಡಬೇಕು, ಒಂದೇ ಸಲ ಮಾಡಬೇಕು, ಬಂದ ರೂಪಾಯಿ ಮೊತ್ತವನ್ನೂ ಬಳಸಿದ ದರವನ್ನೂ ಆ ಸಾಲಿನಲ್ಲೇ ಉಳಿಸಿಕೊಳ್ಳಬೇಕು. ಆಮೇಲೆ ಯಾವ ವರದಿಯೂ ಪರಿವರ್ತನೆ ಮಾಡಬಾರದು, ಬರೀ ಕೂಡಬೇಕು. ಕೂಡುವ ಕ್ರಮ ಹೇಗಿದ್ದರೂ ಮೊತ್ತ ಬದಲಾಗುವುದಿಲ್ಲವಾದ್ದರಿಂದ ದೇಶವಾರು, ದಿನವಾರು, ಗೊಂಬೆವಾರು ವರದಿಗಳೆಲ್ಲ ಒಂದೇ ಅಂಕಿಗೆ ಬಂದು ನಿಲ್ಲುತ್ತವೆ.

ಎಕ್ಸೆಲ್ ಬಳಸುವವರು ಇಲ್ಲೊಂದು ಎಚ್ಚರ ವಹಿಸಬೇಕು. ಕೋಶವನ್ನು ಎರಡು ದಶಮಾಂಶ ತೋರಿಸುವಂತೆ ಹೊಂದಿಸಿದರೆ ಕಣ್ಣಿಗೆ 1686.61 ಕಾಣುತ್ತದೆ, ಒಳಗೆ ಇರುವುದು ಮಾತ್ರ 1686.606275. ಅಂಥ ಮೂರು ಕೋಶಗಳನ್ನು ಕೂಡಿದಾಗ ಪರದೆಯ ಮೇಲೆ 5059.82 ಬರುತ್ತದೆ, ಕ್ಯಾಲ್ಕ್ಯುಲೇಟರ್ ಹಿಡಿದು ಕೂಡಿದವರಿಗೆ 5059.83. ನಿಜವಾಗಿ ರೌಂಡ್ ಆಗಬೇಕಾದರೆ `ROUND` ಸೂತ್ರವನ್ನೇ ಹಾಕಬೇಕು. ಸರಿಯಾಗಿ ಅರ್ಧಕ್ಕೆ ಬಂದು ನಿಂತ ಅಂಕಿಯನ್ನು ಎತ್ತ ದೂಡುವುದು ಎಂಬುದೂ ಮೊದಲೇ ನಿಗದಿಯಾಗಿರಬೇಕು. ಎಕ್ಸೆಲ್ 2.5 ಅನ್ನು 3 ಮಾಡುತ್ತದೆ. ಪೈಥಾನ್ ಭಾಷೆಯ `round` ಹತ್ತಿರದ ಸಮಸಂಖ್ಯೆಗೆ ಹೋಗಿ 2 ಮಾಡುತ್ತದೆ. ಅರ್ಧ ವರದಿ ಒಂದರಲ್ಲಿ, ಉಳಿದರ್ಧ ಇನ್ನೊಂದರಲ್ಲಿ ತಯಾರಾದರೆ ಪೈಸೆಗಳು ಮತ್ತೆ ದಾರಿ ತಪ್ಪುತ್ತವೆ.

ಮೊತ್ತವನ್ನು ಒಮ್ಮೆ ರೌಂಡ್ ಮಾಡಬೇಕು ಸರಿ, ದರವನ್ನು ಮಾತ್ರ ಮುಟ್ಟಲೇಬಾರದು. ಯುಎಇ ದಿರ್ಹಮ್ ಅನ್ನು ಡಾಲರ್‌ಗೆ 3.6725ರಂತೆ ಕಟ್ಟಿಹಾಕಲಾಗಿದೆ. ಹಾಗಾಗಿ ಡಾಲರ್ ದರವನ್ನು ಅದರಿಂದ ಭಾಗಿಸಿ ದಿರ್ಹಮ್ ದರ ಪಡೆಯುವವರಿದ್ದಾರೆ. ನಮ್ಮ ಉದಾಹರಣೆಯಲ್ಲಿ ಅದು 22.9741ರ ಆಸುಪಾಸು. ನೋಡಲು ಚೆಂದವೆಂದು 22.97ಕ್ಕೆ ಇಳಿಸಿದರೆ ಒಂದು ಲಕ್ಷ ದಿರ್ಹಮ್ ಮಾರಾಟದಲ್ಲಿ ಸುಮಾರು 413 ರೂಪಾಯಿ ಕಾಣೆಯಾಗುತ್ತದೆ.

ಯುರೋಪಿನವರು ಇದನ್ನು ಕಾನೂನಿನಲ್ಲೇ ಬರೆದಿಟ್ಟರು. 1999ರಲ್ಲಿ ಯುರೋ ಬರುವ ಮುನ್ನ, 1997ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಪರಿವರ್ತನೆ ದರದಲ್ಲಿ ಆರು ಸಾರ್ಥಕ ಅಂಕಿಗಳಿರಬೇಕು, ಲೆಕ್ಕ ಮಾಡುವಾಗ ಅದನ್ನು ಮೊಟಕುಗೊಳಿಸುವಂತಿಲ್ಲ. ದರವನ್ನು ತಲೆಕೆಳಗು ಮಾಡಿ ಗುಣಿಸುವುದಕ್ಕೂ ನಿಷೇಧವಿತ್ತು. ಒಂದು ಯುರೋಗೆ 1.95583 ಜರ್ಮನ್ ಮಾರ್ಕ್. ಹತ್ತು ಲಕ್ಷ ಮಾರ್ಕನ್ನು ಇದರಿಂದ ಭಾಗಿಸಿದರೆ 5,11,291.88 ಯುರೋ. ಯಾರಾದರೂ ಸುಲಭಕ್ಕೆಂದು 0.5113ರಿಂದ ಗುಣಿಸಿದರೆ 5,11,300. ಎಂಟು ಯುರೋಗೂ ಮಿಕ್ಕಿ ಹಣ ಶೂನ್ಯದಿಂದ ಹುಟ್ಟಿಬಿಡುತ್ತದೆ.

ಇನ್ನು ಆ ದಿನದ ದರ ಎಂದರೆ ಯಾವ ದಿನದ್ದು? ಭಾರತದಲ್ಲಿ ಡಾಲರ್, ಯುರೋ, ಪೌಂಡ್, ಯೆನ್‌ಗಳ ಉಲ್ಲೇಖ ದರವನ್ನು 2018ರ ಜುಲೈನಿಂದ ಎಫ್‌ಬಿಐಎಲ್ ಸಂಸ್ಥೆ ಪ್ರಕಟಿಸುತ್ತಿದೆ. ಅದಕ್ಕೂ ಮೊದಲು ಆ ಕೆಲಸ ರಿಸರ್ವ್ ಬ್ಯಾಂಕಿನದಾಗಿತ್ತು. ಶನಿವಾರ, ಭಾನುವಾರ ದರ ಇರುವುದಿಲ್ಲ, ಗೊಂಬೆಗಳು ಮಾತ್ರ ಆ ದಿನಗಳಲ್ಲೂ ಮಾರಾಟವಾಗುತ್ತವೆ. ಮಾರಾಟದ ಪಟ್ಟಿಯನ್ನು ದರದ ಪಟ್ಟಿಗೆ ದಿನಾಂಕ ಹಿಡಿದು ಜೋಡಿಸುವ ಪ್ರೋಗ್ರಾಂ, ದರ ಸಿಗದ ಸಾಲುಗಳನ್ನು ಸದ್ದಿಲ್ಲದೆ ಕೈಬಿಡಬಹುದು. ಆಗ ವಾರಾಂತ್ಯದ ಮಾರಾಟವೇ ವರದಿಯಲ್ಲಿ ಇರುವುದಿಲ್ಲ. ರಜಾದಿನಕ್ಕೆ ಅದರ ಹಿಂದಿನ ಕೆಲಸದ ದಿನದ ದರ ಎಂದು ನಿಯಮ ಮಾಡಿಕೊಳ್ಳುವುದು ರೂಢಿಯಲ್ಲಿರುವ ಪರಿಹಾರ. ಕ್ಯಾಲಿಫೋರ್ನಿಯಾದಲ್ಲಿ ಶುಕ್ರವಾರ ರಾತ್ರಿ ಒಂಬತ್ತು ಗಂಟೆಗೆ ನಮ್ಮಲ್ಲಿ ಶನಿವಾರ ಬೆಳಗಾಗಿರುವುದರಿಂದ, ದಿನಾಂಕ ಯಾವ ದೇಶದ ಗಡಿಯಾರದ್ದು ಎಂಬುದನ್ನೂ ಅದೇ ನಿಯಮದಲ್ಲಿ ಸೇರಿಸಬೇಕು.

ಯೆನ್ ಇನ್ನೊಂದು ಬಲೆ. ಅದರ ದರವನ್ನು 100 ಯೆನ್‌ಗೆ ಇಷ್ಟು ರೂಪಾಯಿ ಎಂದು ಹೇಳುತ್ತಾರೆ. ದರ 56.48 ಇದ್ದಾಗ 2,400 ಯೆನ್‌ನ ಗೊಂಬೆಗೆ 1355.52 ರೂಪಾಯಿ. ನೂರರಿಂದ ಭಾಗಿಸಲು ಮರೆತರೆ ಅದೇ ಗೊಂಬೆ 1,35,552 ರೂಪಾಯಿ ಆಗುತ್ತದೆ. ಜಪಾನಿನ ಮಾರಾಟ ಏಕಾಏಕಿ ಹಿಗ್ಗಿದಂತೆ ಕಂಡರೆ ಮೊದಲು ನೋಡಬೇಕಾದದ್ದು ಇದನ್ನೇ.

ಕೊನೆಗೆ ಮೊತ್ತವನ್ನು ಲಕ್ಷಗಳಲ್ಲಿ ತೋರಿಸುವಾಗ ಉಳಿಸಿಟ್ಟ ಪೂರ್ಣ ಮೊತ್ತದಿಂದಲೇ ಹೊರಡಬೇಕು. 12,44,960 ರೂಪಾಯಿ ನೇರವಾಗಿ 12.4 ಲಕ್ಷವಾಗುತ್ತದೆ. ಒಬ್ಬರು 12.45 ಎಂದು ಬರೆದು, ಇನ್ನೊಬ್ಬರು ಅದನ್ನೇ ಮತ್ತೆ ರೌಂಡ್ ಮಾಡಿದರೆ 12.5. ಹೀಗೆ ಲಕ್ಷಕ್ಕೆ ಇಳಿಸಿದ ಸಾಲುಗಳನ್ನು ಕೂಡಿದಾಗ ಒಟ್ಟಿಗೆ ತಾಳೆಯಾಗದಿರುವುದು ಸಹಜ. ಅದನ್ನು ಕೆಳಗೆ ಒಂದು ಸಾಲಿನಲ್ಲಿ ಹೇಳಿದರೆ ಸಾಕು, ಅಂಕಿ ತಿದ್ದಿ ಹೊಂದಿಸಬಾರದು.

ಇಷ್ಟೆಲ್ಲ ಪಾಲನೆಯಾಗಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆ ಸಾಕು. ಪರಿವರ್ತನೆಗೆ ಮುಂಚೆ ಮತ್ತು ನಂತರ ಬಿಲ್ಲುಗಳ ಸಂಖ್ಯೆ ಒಂದೇ ಇರಬೇಕು. ದೇಶವಾರು ಒಟ್ಟಿನಿಂದ ದಿನವಾರು ಒಟ್ಟನ್ನು ಕಳೆದರೆ ಸರಿಯಾಗಿ ಸೊನ್ನೆ ಬರಬೇಕು. ಒಂದು ಪೈಸೆ ಉಳಿದರೂ, ಯಾವುದೋ ವರದಿ ಬರೀ ಕೂಡುವ ಬದಲು ತಾನೇ ಪರಿವರ್ತನೆಗೆ ಇಳಿದಿದೆ ಎಂದು ಅನುಮಾನಿಸಿ ಅಲ್ಲಿಂದಲೇ ಹುಡುಕಲು ಶುರುಮಾಡಬಹುದು.