ಕ್ಯಾನ್ಸಲ್ ಮಾಡಿದ ಟಿಕೆಟ್ಟಿನಲ್ಲಿ ಉಳಿಯುವುದೆಷ್ಟು?

ನಮ್ಮ ಭಾವ ದೆಹಲಿಯ ಮದುವೆಯೊಂದಕ್ಕೆ ವಿಮಾನದ ಟಿಕೆಟ್ ತೆಗೆಸಿದ್ದರು. ಮದುವೆ ಮುಂದೆ ಹೋಯಿತು, ಟಿಕೆಟ್ ಕ್ಯಾನ್ಸಲ್ ಮಾಡಿದರು. ಕೊಟ್ಟದ್ದು 4,446 ರೂಪಾಯಿ, ಖಾತೆಗೆ ವಾಪಸ್ ಬಂದದ್ದು 296. 'ಅಗ್ಗದ ಟಿಕೆಟ್ ಅಲ್ವೇನೋ, ಅಷ್ಟಾದರೂ ಬಂತಲ್ಲ' ಎಂದು ಅವರು ಸುಮ್ಮನಾಗಿದ್ದರು. ನಾನು ಟಿಕೆಟ್ಟಿನ ಮೇಲ್ ತೆರೆಸಿ, ಕೆಳಗಡೆ ಸಣ್ಣ ಅಕ್ಷರದಲ್ಲಿದ್ದ ದರದ ವಿವರವನ್ನು ಓದಿಸಿದೆ. (ಅಂಕಿಗಳನ್ನು ಇಲ್ಲಿ ಲೆಕ್ಕದ ಅನುಕೂಲಕ್ಕೆ ಸ್ವಲ್ಪ ದುಂಡಗೆ ಮಾಡಿದ್ದೇನೆ.)

ಮೂಲ ದರ 2,800, ಇಂಧನ ಶುಲ್ಕ 400. ಇವೆರಡೂ ವಿಮಾನ ಕಂಪನಿಯ ಹಣ. ಈ 3,200ರ ಮೇಲೆ ಎಕಾನಮಿ ಕ್ಲಾಸಿಗೆ ಶೇಕಡ 5ರಂತೆ ಜಿಎಸ್‌ಟಿ 160. ಅದರ ಕೆಳಗೆ ಎರಡು ಸಾಲುಗಳಿದ್ದವು. ಒಂದು, ಯುಡಿಎಫ್ ಎನ್ನುವ ವಿಮಾನ ನಿಲ್ದಾಣದ ಬಳಕೆ ಶುಲ್ಕ, 500. ಇದು ಊರಿಂದ ಊರಿಗೆ ಬೇರೆ ಬೇರೆ. ಇನ್ನೊಂದು ಭದ್ರತಾ ಶುಲ್ಕ. ದೇಶದೊಳಗಿನ ಪ್ರಯಾಣಕ್ಕೆ 200 ರೂಪಾಯಿ, ತೆರಿಗೆ ಸೇರಿ 236. ಎಲ್ಲ ಕೂಡಿದರೆ 4,096. ಮೇಲಿನ 350 ಬುಕಿಂಗ್ ಜಾಲತಾಣ ಹಾಕಿದ ಕನ್ವೀನಿಯನ್ಸ್ ಫೀ. ಅದು ಬುಕಿಂಗ್‌ನ ಕೂಲಿ, ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಯುಡಿಎಫ್ ಮತ್ತು ಭದ್ರತಾ ಶುಲ್ಕದ ಆ ಎರಡು ಸಾಲುಗಳನ್ನು ಕಂಪನಿ ಬೇರೆಯವರ ಪರವಾಗಿ ವಸೂಲಿ ಮಾಡುತ್ತದೆ ಅಷ್ಟೇ. ನೀವು ವಿಮಾನ ಹತ್ತಲೇ ಇಲ್ಲವೆಂದರೆ ನಿಲ್ದಾಣ ಬಳಸಿದಂತೆಯೂ ಆಗಲಿಲ್ಲ, ತಪಾಸಣೆಗೆ ನಿಂತಂತೆಯೂ ಆಗಲಿಲ್ಲ. ಆದ್ದರಿಂದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ನಿಯಮ ಹೀಗಿದೆ: ಕ್ಯಾನ್ಸಲೇಷನ್ ಶುಲ್ಕ ಎಷ್ಟೇ ಇರಲಿ, ಅದು ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರಕೂಡದು. 'ನಾನ್-ರಿಫಂಡಬಲ್' ಎಂದು ಮಾರಿದ ಆಫರ್ ಟಿಕೆಟ್ಟಿಗೂ ನಿಲ್ದಾಣದ ಶುಲ್ಕಗಳು ವಾಪಸ್ ಬರಲೇಬೇಕು.

ಭಾವನ ಟಿಕೆಟ್ಟಿನ ಷರತ್ತಿನಲ್ಲಿ ಕ್ಯಾನ್ಸಲೇಷನ್ ಶುಲ್ಕ 3,500 ಎಂದಿತ್ತು, ಜೊತೆಗೆ 'ಅಥವಾ ಟಿಕೆಟ್ ದರ, ಯಾವುದು ಕಡಿಮೆಯೋ ಅದು' ಎಂಬ ಮಾತೂ ಇತ್ತು. ಆದ್ದರಿಂದ ಹಿಡಿಯಬಹುದಾದದ್ದು 3,200 ಮಾತ್ರ. ಕ್ಯಾನ್ಸಲೇಷನ್ ಶುಲ್ಕಕ್ಕೂ ಟಿಕೆಟ್ಟಿನ ದರದಲ್ಲೇ ಜಿಎಸ್‌ಟಿ ಇರುವುದರಿಂದ ಆ 160 ಕೂಡ ಹೋಯಿತೆನ್ನಿ. ಉಳಿಯಬೇಕಾದದ್ದು 500 ಮತ್ತು 236, ಒಟ್ಟು 736. ಜಾಲತಾಣ ತನ್ನ ಸೇವಾ ಶುಲ್ಕವೆಂದು 300 ಹಿಡಿದರೆ 436. ಈ 300 ಬೇಕೋ ಬೇಡವೋ ಎಂದು ಯೋಚಿಸಬೇಕಾದದ್ದು ಬುಕ್ ಮಾಡುವಾಗ. ಕಂಪನಿಯ ತಾಣದಲ್ಲೇ ಕೊಂಡಿದ್ದರೆ ಅದು ಇರುತ್ತಿರಲಿಲ್ಲ.

ಹಾಗಾದರೆ 296 ಎಲ್ಲಿಂದ ಬಂತು? ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಕೂತ ಮೇಲೆ ಹೊಳೆಯಿತು. 3,500ನ್ನು ಮೂಲ ದರದಿಂದ ಕಳೆಯುವ ಬದಲು ಒಟ್ಟು 4,096ರಿಂದ ಕಳೆದಿದ್ದರು. ಉಳಿದ 596ರಲ್ಲಿ ಮತ್ತೆ 300 ಮುರಿದುಕೊಂಡಿದ್ದರು. ವ್ಯತ್ಯಾಸ 140 ರೂಪಾಯಿ, ಒಬ್ಬರಿಗೆ, ಒಂದು ದಾರಿಗೆ. ಕ್ಯಾನ್ಸಲೇಷನ್ ಶುಲ್ಕ ಲೆಕ್ಕ ಹಾಕುವುದು ತಲೆಗೆ ಇಷ್ಟು, ದಾರಿಗೆ ಇಷ್ಟು ಎಂದು. ನಾಲ್ಕು ಜನರ ಹೋಗಿ ಬರುವ ಟಿಕೆಟ್ಟಾಗಿದ್ದರೆ ಇದೇ ತಪ್ಪು 1,120 ಆಗುತ್ತಿತ್ತು.

ಇದನ್ನು ಹಿಡಿಯಲು ದೊಡ್ಡ ಗಣಿತ ಬೇಡ. ಜಾಲತಾಣದ ಸೇವಾ ಶುಲ್ಕವನ್ನು ಬದಿಗಿಟ್ಟು ನೋಡಿದಾಗ, ಬಂದ ಹಣ ಯುಡಿಎಫ್ ಮತ್ತು ಭದ್ರತಾ ಶುಲ್ಕದ ಮೊತ್ತಕ್ಕಿಂತ ಕಡಿಮೆ ಇದ್ದರೆ ಲೆಕ್ಕ ತಪ್ಪಿದೆ ಎಂದೇ ಅರ್ಥ. ಹಣದ ಬದಲು ಕಂಪನಿಯ 'ಕ್ರೆಡಿಟ್ ಶೆಲ್'ಗೆ ಹಾಕಿದ್ದೇವೆ ಎಂದರೂ ಒಪ್ಪಬೇಕಿಲ್ಲ. ಹಾಗೆ ಇಡುವುದು ಪ್ರಯಾಣಿಕರ ಇಷ್ಟ, ಕಂಪನಿಯದಲ್ಲ. ಇನ್ನು ವಿಮಾನವನ್ನು ಕಂಪನಿಯೇ ರದ್ದು ಮಾಡಿದ್ದರೆ ಗಾಬರಿಯಲ್ಲಿ ನೀವಾಗಿ ಕ್ಯಾನ್ಸಲ್ ಬಟನ್ ಒತ್ತಬೇಡಿ. ಪೂರ್ತಿ ಬರಬೇಕಾದ ಹಣ ನಿಮ್ಮದೇ ಕ್ಯಾನ್ಸಲೇಷನ್ ಎಂಬ ಲೆಕ್ಕಕ್ಕೆ ಬಿದ್ದೀತು.

ಭಾವ ಜಾಲತಾಣಕ್ಕೆ ಬರೆದರು. 'ಏರ್‌ಲೈನ್ ಕೊಟ್ಟಷ್ಟೇ ನಾವು ಕೊಡುವುದು' ಎಂಬ ಉತ್ತರ ಬಂತು. ಏಜೆಂಟರ ಮೂಲಕ ಕೊಂಡ ಟಿಕೆಟ್ಟಿಗೂ ರಿಫಂಡಿನ ಹೊಣೆ ವಿಮಾನ ಕಂಪನಿಯದೇ ಎಂದು ಡಿಜಿಸಿಎ ನಿಯಮ ಹೇಳುತ್ತದೆ. ಹಾಗಾಗಿ ಪಿಎನ್‌ಆರ್ ಹಾಕಿ, ಮೇಲಿನ ಐದು ಸಾಲಿನ ಲೆಕ್ಕ ಬರೆದು ಕಂಪನಿಗೇ ಕಳಿಸಿದೆವು. ಅವರೂ ಕೇಳದಿದ್ದರೆ ಏರ್‌ಸೇವಾ ಪೋರ್ಟಲ್ಲಿನಲ್ಲಿ ದೂರು ಹಾಕುವ ಯೋಚನೆಯಿತ್ತು, ಬೇಕಾಗಲಿಲ್ಲ. ಒಂಬತ್ತನೆಯ ದಿನ 140 ರೂಪಾಯಿ ಬಂತು.

ಆಮೇಲೆ ಭಾವನಿಗೆ ಇನ್ನೊಂದು ಅನುಮಾನ ಹುಟ್ಟಿತು. ಎರಡು ತಿಂಗಳ ಹಿಂದೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಮುಂಬೈ ವಿಮಾನ ತಪ್ಪಿಸಿಕೊಂಡಿದ್ದರಂತೆ. ಅದನ್ನು ಕ್ಯಾನ್ಸಲ್ ಕೂಡ ಮಾಡಿರಲಿಲ್ಲ, ಪೂರ್ತಿ ಹೋಯಿತೆಂದು ಬಿಟ್ಟಿದ್ದರು. 'ಅದಕ್ಕೂ ಬರುತ್ತದಾ?' ಎಂದರು. ಬರುತ್ತದೆ. ನೋ-ಶೋ ಆದ ಟಿಕೆಟ್ಟಿಗೂ ನಿಲ್ದಾಣದ ಶುಲ್ಕಗಳನ್ನು ಹಿಂದಿರುಗಿಸಲೇಬೇಕು. ತಾನಾಗಿ ಬರದಿದ್ದರೆ ಕೇಳಿ ಪಡೆಯಬೇಕು. ಭಾವ ಈಗ ಆ ಹಳೆಯ ಮೇಲ್ ಹುಡುಕುತ್ತಿದ್ದಾರೆ.