ಪಂಕ್ತಿಯಲ್ಲಿ ಪಾಲಿಸಿ ಮಾತು ಬೇಡ

ಮದುವೆ ಮನೆಯ ಪಂಕ್ತಿಯಲ್ಲಿ ಎಲೆ ಹಾಕಿದ ಮೇಲೆ ಯಾರೂ ನಡುವೆ ಎದ್ದು ಹೋಗುವುದಿಲ್ಲ. ಕೋಸಂಬರಿಯಿಂದ ಮಜ್ಜಿಗೆಯವರೆಗೆ ಪಕ್ಕದಲ್ಲಿ ಕೂತವರ ಮಾತು ಕೇಳಲೇಬೇಕು. ವಿಮಾ ಏಜೆಂಟರಾದ ನಮ್ಮಲ್ಲಿ ಕೆಲವರು ಈ ಹೊತ್ತಿಗೇ ಕಾಯುತ್ತಿರುತ್ತಾರೆ. "ಮಗಳ ಓದಿಗೆ ಏನು ಮಾಡಿಟ್ಟಿದ್ದೀರಿ ಭಾವ?" ಎಂದು ಶುರುವಾದ ಮಾತು ಪಾಯಸ ಬರುವಷ್ಟರಲ್ಲಿ ಕಂತಿನ ಲೆಕ್ಕಕ್ಕೆ ಬಂದು ನಿಂತಿರುತ್ತದೆ. ಭಾವನಿಗೆ ಏಳುವಂತಿಲ್ಲ, ಹೆಂಡತಿಯ ತವರಿನವರ ಎದುರು ಬೇಡ ಎನ್ನುವಂತೆಯೂ ಇಲ್ಲ. "ಆಯ್ತು, ಮಾಡೋಣ ಬಿಡು" ಎನ್ನುತ್ತಾರೆ. ಆ "ಆಯ್ತು" ಒಪ್ಪಿಗೆಯಲ್ಲ, ದಾಕ್ಷಿಣ್ಯ. ಇವೆರಡರ ವ್ಯತ್ಯಾಸ ತಿಳಿಯದ ಏಜೆಂಟ್ ನೆಂಟಸ್ತನವನ್ನೂ ಕೆಡಿಸುತ್ತಾನೆ, ವೃತ್ತಿಯನ್ನೂ ಕೆಡಿಸುತ್ತಾನೆ.

ಇದು ಒಬ್ಬಿಬ್ಬರ ದುರಾಸೆಯಿಂದ ಆಗುವುದಲ್ಲ. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಮೊದಲು ಹೇಳಿಕೊಡುವುದೇ ಗುರುತಿನವರ ಪಟ್ಟಿ ಬರೆಯುವುದನ್ನು. ಆ ಪಟ್ಟಿಯ ತಲೆಯಲ್ಲಿ ಚಿಕ್ಕಪ್ಪ, ಸೋದರಮಾವ, ಅತ್ತಿಗೆಯ ಅಣ್ಣ ಇರುತ್ತಾರೆ. ಮೊದಲ ವರ್ಷದ ಕಂತಿನ ಮೇಲೆ ಸಿಗುವ ಕಮಿಷನ್ನೇ ಎಲ್ಲಕ್ಕಿಂತ ದೊಡ್ಡದು, ಮುಂದಿನ ವರ್ಷಗಳದ್ದು ಅದರ ಸಣ್ಣ ಪಾಲು. ಮಾರ್ಚ್ ಗುರಿ ತಲೆಯ ಮೇಲಿದ್ದವನಿಗೆ ಪಟ್ಟಿಯ ಜನರೆಲ್ಲ ಒಂದೇ ಛತ್ರದಲ್ಲಿ ಸೇರುವ ದಿನ ಹೇಗೆ ಕಾಣುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ಅದರಿಂದ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ನೋಡೋಣ. ಕಿರಾಣಿ ಅಂಗಡಿ ಇಟ್ಟಿರುವ ಚಿಕ್ಕಪ್ಪನಿಂದ ಅಣ್ಣನ ಮಗ ಆರತಕ್ಷತೆಯ ಸಂಜೆ ಮಾತು ತೆಗೆದುಕೊಂಡ. ಇಪ್ಪತ್ತು ವರ್ಷದ ಎಂಡೋಮೆಂಟ್ ಪಾಲಿಸಿ, ವರ್ಷಕ್ಕೆ 50,000 ರೂಪಾಯಿ ಕಂತು. ಮೊದಲ ವರ್ಷ ಚಿಕ್ಕಪ್ಪ ಹೇಗೋ ಕಟ್ಟಿದರು. ಎರಡನೇ ವರ್ಷ ಕಂತಿನ ಹೊತ್ತಿಗೇ ಮಗನ ಕಾಲೇಜು ಫೀಸು ಬಂತು. ವಾರ್ಷಿಕ ಕಂತಿಗೆ ಇರುವ 30 ದಿನದ ರಿಯಾಯಿತಿ ಅವಧಿಯೂ ಕಳೆದು ಪಾಲಿಸಿ ಲ್ಯಾಪ್ಸ್ ಆಯಿತು. ಹಿಂದಿನ ನಿಯಮದಲ್ಲಿ ಇಂಥ ಪಾಲಿಸಿಗೆ ಒಂದೇ ವರ್ಷ ಕಟ್ಟಿ ನಿಲ್ಲಿಸಿದರೆ ಕೈಗೆ ಏನೂ ಬರುತ್ತಿರಲಿಲ್ಲ. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮದಂತೆ ಒಂದು ಪೂರ್ಣ ವರ್ಷದ ಕಂತು ಕಟ್ಟಿದ್ದರೂ ಸ್ವಲ್ಪ ಸರೆಂಡರ್ ಮೌಲ್ಯ ಸಿಗುತ್ತದೆ, ಆದರೂ ನಷ್ಟ ತಪ್ಪುವುದಿಲ್ಲ. ಹುಡುಗನಿಗೆ ಮೊದಲ ವರ್ಷದ ಕಮಿಷನ್ ಬಂದಾಗಿದೆ. ಅದು ಚಿಕ್ಕಪ್ಪನಿಗೂ ಗೊತ್ತು. ಅವರು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಮುಂದಿನ ಗೃಹಪ್ರವೇಶದಲ್ಲಿ ಅವನನ್ನು ಕಂಡರೆ ಬೇರೆ ಕಡೆ ಹೋಗಿ ಕೂರುತ್ತಾರೆ, ಅಷ್ಟೆ. ಆ ಚಿಕ್ಕಪ್ಪನಿಗೆ ನಿಜವಾಗಿ ಬೇಕಿದ್ದದ್ದು ಕಡಿಮೆ ಕಂತಿನ ಟರ್ಮ್ ಪಾಲಿಸಿ ಇರಬಹುದು. ಆದರೆ ಅವರ ಸಾಲ, ಅಂಗಡಿಯ ವ್ಯಾಪಾರ, ಮಗನ ಓದು ಯಾವುದನ್ನೂ ವಾಲಗದ ಸದ್ದಿನ ನಡುವೆ ವಿಚಾರಿಸಲು ಆಗುವುದಿಲ್ಲ.

ಹಾಗೆಂದು ಏನು ಕೆಲಸ ಎಂದು ಕೇಳಿದವರಿಗೆ ಮುಚ್ಚಿಡಬೇಕಾಗಿಲ್ಲ. "ಏನ್ ಮಾಡ್ಕೊಂಡಿದೀಯಪ್ಪಾ ಈಗ?" ಎಂದು ಹಿರಿಯರು ಕೇಳುವುದು ಪ್ರೀತಿಯಿಂದ. "ಎಲ್‌ಐಸಿ ಏಜೆಂಟ್ ಆಗಿದೀನಿ ಮಾವ, ಕೆಲಸ ಚೆನ್ನಾಗಿದೆ. ನಿಮ್ಮ ಮಂಡಿನೋವು ಹೇಗಿದೆ?" ಎಂದರೆ ಸಾಕು. ಉತ್ತರವೂ ಆಯಿತು, ಮಾತು ಮತ್ತೆ ಅವರ ಕಡೆಗೂ ತಿರುಗಿತು. ನಿಜವಾಗಿ ಆಸಕ್ತಿ ಇದ್ದವರು ಅಲ್ಲಿಗೆ ಬಿಡುವುದಿಲ್ಲ. ತಮ್ಮದೇ ವಿಷಯ ತೆಗೆದು, "ನಂದೊಂದು ಪಾಲಿಸಿ ಮುಂದಿನ ವರ್ಷ ಮುಗಿಯತ್ತೆ, ಆ ದುಡ್ಡು ಏನು ಮಾಡ್ಲಿ?" ಎಂದು ಎರಡನೆಯ ಪ್ರಶ್ನೆ ಕೇಳುತ್ತಾರೆ. "ಓಹೋ, ಒಳ್ಳೇದು, ನೋಡೋಣ" ಎಂದವರದ್ದು ಬರೀ ಸೌಜನ್ಯ. ಅದನ್ನು ಮುಂದಕ್ಕೆ ಎಳೆಯಬಾರದು.

ಎರಡನೆಯ ಪ್ರಶ್ನೆ ಬಂದರೂ ಛತ್ರದಲ್ಲೇ ಲೆಕ್ಕ ಬಿಡಿಸಬೇಡಿ. "ಇದಕ್ಕೆ ಕಾಗದ ನೋಡಿ ಹೇಳಬೇಕು ಮಾವ. ನಿಮಗೆ ಬಿಡುವಾದಾಗ ಫೋನ್ ಮಾಡಿ, ಮನೆಗೇ ಬರ್ತೀನಿ" ಎಂದು ನಿಮ್ಮ ನಂಬರ್ ಕೊಡಿ, ಅವರದನ್ನು ಕೇಳಿ ಬರೆದುಕೊಳ್ಳಬೇಡಿ. ಫೋನ್ ಮಾಡುವ ಆಯ್ಕೆ ಅವರ ಕೈಯಲ್ಲಿ ಉಳಿಯಬೇಕು. ಅವರು ಮಾಡದಿದ್ದರೆ ಅದೇ ಅವರ ಉತ್ತರ. ಮದುವೆಯ ಓಡಾಟಕ್ಕೆಂದು ಮಾಡಿದ ವಾಟ್ಸ್ಯಾಪ್ ಗುಂಪಿನಿಂದ ನಂಬರ್ ತೆಗೆದು ಮರುವಾರ ಯೋಜನೆಯ ಚಿತ್ರ ಕಳಿಸುವುದಂತೂ ಪಂಕ್ತಿಯಲ್ಲಿ ಹಿಡಿದು ಕೂರಿಸುವುದಕ್ಕಿಂತ ಕೆಟ್ಟದ್ದು.

ಅಲ್ಲೇ ಹೇಳಿ ಮುಗಿಸಬಹುದಾದ ಮಾತೂ ಇವೆ. ಮದುಮಗಳ ತಂದೆ, "ಅವಳ ಪಾಲಿಸಿಗೆ ನಾಮಿನಿ ನಾನೇ ಇದೀನಿ, ಬದಲಾಯಿಸಬಹುದಾ?" ಎಂದು ಕೇಳಿದರೆ ಒಂದೆರಡು ಮಾತಿನಲ್ಲಿ ಹೇಳಿ: ಬದಲಾಯಿಸಬಹುದು, ಮಗಳೇ ಅರ್ಜಿ ಕೊಡಬೇಕು. ಇದರಲ್ಲಿ ಕಮಿಷನ್ ಇಲ್ಲ, ಆದರೆ ಅವರಿಗೆ ಬೇಕಾದ ಉತ್ತರ ಸಿಕ್ಕಿತು.

ಛತ್ರದಲ್ಲಿ ಸಹಿ ಹಾಕಿಸಲೇಬಾರದು ಎಂದು ನಾನು ಗಟ್ಟಿಯಾಗಿ ಹೇಳುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ನೆಂಟರು, "ನಮ್ಮದೆಲ್ಲಾ ನಿನಗೆ ಗೊತ್ತಲ್ಲ, ನೀನೇ ತುಂಬ್ಕೋ" ಎನ್ನುತ್ತಾರೆ. ಪ್ರಪೋಸಲ್ ಫಾರಂನಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಹಿಂದೆ ಆದ ಆಪರೇಷನ್ ಬಗ್ಗೆ ಪ್ರಶ್ನೆಗಳಿರುತ್ತವೆ. ಅವಸರದಲ್ಲಿ ಎಲ್ಲಕ್ಕೂ "ಇಲ್ಲ" ಎಂದು ಬೀಳುತ್ತದೆ. 1938ರ ವಿಮಾ ಕಾಯ್ದೆಯ 45ನೇ ಕಲಂ ಪ್ರಕಾರ, ಮುಖ್ಯ ಸಂಗತಿ ಮುಚ್ಚಿಟ್ಟಿದ್ದರೆ ಕಂಪನಿ ಮೊದಲ 3 ವರ್ಷದೊಳಗೆ ಪಾಲಿಸಿಯನ್ನು ಪ್ರಶ್ನಿಸಬಹುದು. ಆ ಅವಧಿಯಲ್ಲಿ ಸಾವು ಬಂದು ಕ್ಲೇಮ್ ನಿಂತುಹೋದರೆ ಚಿಕ್ಕಮ್ಮ ಬಂದು ಕೇಳುವುದು ಕಂಪನಿಯನ್ನಲ್ಲ, ನಿಮ್ಮನ್ನು. ಅವರಿಗೆ ಶುಗರ್ ಇದ್ದದ್ದು ನಿಮಗೂ ಗೊತ್ತಿತ್ತು. ಫಾರಂ ತುಂಬುವುದು ಮನೆಯಲ್ಲಿ ಕೂತು, ಮಾತ್ರೆಯ ಚೀಟಿಗಳನ್ನು ಎದುರಿಗಿಟ್ಟುಕೊಂಡು ಮಾಡುವ ಕೆಲಸ.

ಕೆಲವೊಮ್ಮೆ ವ್ಯಾಪಾರದ ಮಾತನ್ನು ನೆಂಟರೇ ಎತ್ತುತ್ತಾರೆ. "ಮೊದಲ ಕಂತಿನಲ್ಲಿ ನನಗೇನು ಬಿಡ್ತೀಯಾ?" ಎಂದು ನಾಲ್ಕು ಜನರ ಮುಂದೆ ಕೇಳುವ ಮಾವಂದಿರಿದ್ದಾರೆ. ಕಮಿಷನ್ನಿನಲ್ಲಿ ಪಾಲು ಕೊಡುವುದನ್ನು ಅದೇ ಕಾಯ್ದೆಯ 41ನೇ ಕಲಂ ನಿಷೇಧಿಸುತ್ತದೆ, ಪಡೆಯುವುದೂ ತಪ್ಪೇ. ದಂಡ 10 ಲಕ್ಷ ರೂಪಾಯಿವರೆಗೆ ಇದೆ. "ಕಾನೂನಲ್ಲಿ ಅವಕಾಶ ಇಲ್ಲ ಮಾವ" ಎಂದು ಮೆತ್ತಗೆ ಹೇಳಿ ಅಲ್ಲಿಗೇ ಬಿಡಬೇಕು.

ಈಗಾಗಲೇ ನಿಮ್ಮ ಬಳಿ ಪಾಲಿಸಿ ಮಾಡಿಸಿದ ನೆಂಟರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕಂತು ಬಾಕಿ ಇದ್ದವರಿಗೆ ಎಲ್ಲರೆದುರು ನೆನಪಿಸುವುದು, ಯಾರಿಗೆ ಎಷ್ಟು ಕ್ಲೇಮ್ ಬಂತು ಎಂದು ಹೊಗಳಿಕೆಗಾಗಿ ಹೇಳುವುದು ಅವರ ಮನೆಯ ಗುಟ್ಟನ್ನು ಬೀದಿಗೆ ತಂದಂತೆ.

ಇನ್ನು, ಇಂಥ ಮದುವೆಯಲ್ಲಿ ದಾಕ್ಷಿಣ್ಯಕ್ಕೆ ಬಿದ್ದು ಸಹಿ ಹಾಕಿದವರಿಗೆ ಒಂದು ಮಾತು. ಪಾಲಿಸಿ ಪತ್ರ ಕೈಗೆ ಬಂದ ದಿನದಿಂದ 30 ದಿನದೊಳಗೆ ಅದನ್ನು ವಾಪಸು ಕೊಡಬಹುದು. ಅಷ್ಟು ದಿನದ ವಿಮೆಯ ವೆಚ್ಚ, ವೈದ್ಯಕೀಯ ಪರೀಕ್ಷೆ ಮಾಡಿಸಿದ್ದರೆ ಅದರ ಖರ್ಚು, ಸ್ಟಾಂಪ್ ಶುಲ್ಕ ಕಳೆದು ಉಳಿದ ಹಣ ಮರಳಿ ಬರುತ್ತದೆ. ಹಾಗೆ ಕೇಳುವುದು ನೆಂಟನಿಗೆ ಮಾಡುವ ಅವಮಾನವಲ್ಲ, ಕಾನೂನು ಕೊಟ್ಟ ಹಕ್ಕು. ಆದ್ದರಿಂದ ಏಜೆಂಟ್ ಮಿತ್ರರೇ, ನೆಂಟರ ಕೈಗೆ ಪಾಲಿಸಿ ಪತ್ರ ಕೊಡುವಾಗ ಈ 30 ದಿನದ ವಿಷಯವನ್ನು ನೀವೇ ಬಾಯಿಬಿಟ್ಟು ಹೇಳಿ.